42,500 ಎಲ್ಲಿ ಹೋಯ್ತು? ಬಜೆಟ್ ಶೀಟಿನಲ್ಲಿ ಟೋಟಲ್ ತಪ್ಪುವ ಎರಡು ದಾರಿ

ಪ್ರಶ್ನೆ: "ನಮ್ಮ ಸಂಸ್ಥೆಯ ವರ್ಷದ ಬಜೆಟ್ ನಾನೇ ಎಕ್ಸೆಲ್‌ನಲ್ಲಿ ಮಾಡ್ತೀನಿ. 2ರಿಂದ 21ನೇ ಸಾಲಿನವರೆಗೆ ಖರ್ಚಿನ ಬಾಬ್ತುಗಳಿವೆ. B ಇಂದ M ವರೆಗೆ ಹನ್ನೆರಡು ತಿಂಗಳು, N ನಲ್ಲಿ ವರ್ಷದ ಮೊತ್ತ, 22ನೇ ಸಾಲಿನಲ್ಲಿ ಟೋಟಲ್. ಶೀಟ್ ಪ್ರಕಾರ ವರ್ಷದ ಖರ್ಚು 14,33,500. ಸಹೋದ್ಯೋಗಿ ಕ್ಯಾಲ್ಕುಲೇಟರ್ ಹಿಡಿದು ಕೂಡಿದರೆ 14,76,000 ಬಂತು. ವ್ಯತ್ಯಾಸ 42,500. ಆ ಮೊತ್ತದ ಬಾಬ್ತು ಶೀಟಿನಲ್ಲಿ ಎಲ್ಲೂ ಇಲ್ಲ, ಎರರ್ ಕೂಡ ಎಲ್ಲೂ ತೋರಿಸ್ತಿಲ್ಲ. ಹೋದ ತಿಂಗಳು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ, ಅಷ್ಟೇ. ಎಕ್ಸೆಲ್ ಲೆಕ್ಕ ತಪ್ಪುತ್ತಾ? ಫೈಲ್ ಕಳಿಸಿದ್ದೇನೆ."

ಉತ್ತರ:

ಎಕ್ಸೆಲ್ ಲೆಕ್ಕ ತಪ್ಪಿಲ್ಲ. ಹೇಳಿದ್ದನ್ನು ಸರಿಯಾಗಿಯೇ ಕೂಡಿದೆ, ಹೇಳಿದ್ದೇ ತಪ್ಪಾಗಿದೆ. ಫೈಲ್ ತೆರೆದು ನೋಡಿದೆ. ಅದರಲ್ಲಿ ಒಂದಲ್ಲ, ಎರಡು ತಪ್ಪಿವೆ. ಒಂದು ಟೋಟಲನ್ನು ಕೆಳಗೆ ಎಳೆದಿದೆ, ಇನ್ನೊಂದು ಸ್ವಲ್ಪ ಮೇಲೆ ಎತ್ತಿದೆ. ಅದಕ್ಕೇ 42,500 ಅನ್ನೋ ಸಂಖ್ಯೆಯನ್ನು ಶೀಟಿನಲ್ಲಿ ಹುಡುಕಿದರೆ ಸಿಗಲ್ಲ, ಅದು ಎರಡು ತಪ್ಪುಗಳು ಒಂದನ್ನೊಂದು ತಿಂದು ಉಳಿದ ಶೇಷ. ತಾಳೆಯಾಗದ ಲೆಕ್ಕ ಕಂಡ ಕೂಡಲೇ ವ್ಯತ್ಯಾಸದ ಮೊತ್ತವನ್ನೇ ಹುಡುಕುವುದು ಎಲ್ಲರ ಅಭ್ಯಾಸ, ನನ್ನದೂ ಅದೇ ಆಗಿತ್ತು. ತಪ್ಪು ಒಂದೇ ಇದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ.

ಮೊದಲನೆಯದು ನೀವು ಸೇರಿಸಿದ ಆ ಸಾಲು. ಮೊದಲು ನಿಮ್ಮ ಬಾಬ್ತುಗಳು 20ನೇ ಸಾಲಿಗೆ ಮುಗಿಯುತ್ತಿದ್ದವು, ಟೋಟಲ್ 21ರಲ್ಲಿತ್ತು. ಸಾಫ್ಟ್‌ವೇರ್ ಚಂದಾಕ್ಕೆ ತಿಂಗಳಿಗೆ 4,000 ಅಂತ ಇನ್ನೊಂದು ಬಾಬ್ತು ಬಂತು. ನೀವು ಟೋಟಲ್ ಸಾಲಿನ ಮೇಲೆ ಒಂದು ಸಾಲು ಇನ್ಸರ್ಟ್ ಮಾಡಿ, ಬೇರೆ ಫೈಲಿನಿಂದ ಅಂಕಿಗಳನ್ನು ತಂದು ಪೇಸ್ಟ್ ಮಾಡಿದಿರಿ. ಟೋಟಲ್ 22ಕ್ಕೆ ಇಳಿಯಿತು, ಆದರೆ ಅದರೊಳಗೆ ಇರುವುದು ಇನ್ನೂ ಇದೇ:

```
=SUM(B2:B20)
```

21ನೇ ಸಾಲು ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೆ ಇಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆ ಇದೆ. "ಸಾಲು ಸೇರಿಸಿದರೆ ರೇಂಜ್ ತಾನೇ ಹಿಗ್ಗುತ್ತದೆ" ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅರ್ಧ ನಿಜ. ರೇಂಜಿನ ನಡುವೆ, ಅಂದರೆ 2ನೇ ಸಾಲಿನ ಕೆಳಗೆ ಮತ್ತು 20ನೇ ಸಾಲಿನ ಮೇಲೆ ಎಲ್ಲಿ ಸೇರಿಸಿದರೂ ಅದು ಹಿಗ್ಗುತ್ತದೆ. ತುದಿಯ ಆಚೆ ಸೇರಿಸಿದರೆ ಎಕ್ಸೆಲ್ ದೃಷ್ಟಿಯಲ್ಲಿ ಅದು ರೇಂಜಿಗೆ ಸೇರಿದ್ದೇ ಅಲ್ಲ. ತೊಂದರೆ ಏನಂದ್ರೆ, ಕೆಳತುದಿಯಲ್ಲಿ ಸೇರಿಸಿದಾಗಲೂ ಒಮ್ಮೊಮ್ಮೆ ಅದು ಹಿಗ್ಗಿಬಿಡುತ್ತದೆ! `File > Options > Advanced` ಒಳಗೆ `Extend data range formats and formulas` ಅಂತ ಒಂದು ಟಿಕ್ ಇದೆ. ಅದು ಆನ್ ಇದ್ದು, ಹೊಸ ಸಾಲಿನಲ್ಲಿ ನೀವು ಅಂಕಿಯನ್ನು ಕೈಯಿಂದಲೇ ಟೈಪ್ ಮಾಡಿದರೆ, ಎಕ್ಸೆಲ್ ಊಹೆ ಮಾಡಿ ಟೋಟಲ್‌ನ ರೇಂಜ್ ಉದ್ದ ಮಾಡುತ್ತದೆ. ಪೇಸ್ಟ್ ಮಾಡಿದಾಗ ಈ ಸಹಾಯವನ್ನು ನಂಬಿ ಕೂರುವಂತಿಲ್ಲ. ಹತ್ತು ಸಲ ಸರಿಯಾಗಿ ಆದದ್ದು ಹನ್ನೊಂದನೇ ಸಲ ಕೈಕೊಡುವುದು ಹೀಗೆ, ಮತ್ತು ಹತ್ತು ಸಲ ಸರಿಯಾಗಿದ್ದಕ್ಕೇ ಹನ್ನೊಂದನೇ ಸಲ ಯಾರೂ ನೋಡಲ್ಲ.

ಎರಡನೆಯದು G22. ಅಲ್ಲಿ ಫಾರ್ಮುಲಾನೇ ಇಲ್ಲ. 1,25,000 ಅಂತ ಸಂಖ್ಯೆ ಟೈಪ್ ಆಗಿ ಕೂತಿದೆ. ಅಕ್ಕಪಕ್ಕದ ಸೆಲ್‌ಗಳ ತರಹವೇ ದಪ್ಪ ಅಕ್ಷರ, ಅದೇ ಬಣ್ಣ, ಅದೇ ಗೆರೆ. ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಬಾರ್ ನೋಡುವವರೆಗೆ ಗೊತ್ತೇ ಆಗಲ್ಲ. ಇಂಥದ್ದನ್ನು ಯಾರೋ ಕೆಟ್ಟ ಉದ್ದೇಶದಿಂದ ಮಾಡಿರುತ್ತಾರೆ ಅಂದುಕೊಳ್ಳಬೇಡಿ. ನಾನು ಕಂಡ ಮಟ್ಟಿಗೆ ಮೂರೇ ಕಾರಣ. "ಇಷ್ಟಾದರೆ ವರ್ಷದ ಟೋಟಲ್ ಎಷ್ಟಾಗುತ್ತೆ ನೋಡೋಣ" ಅಂತ ಒಂದು ಸಂಖ್ಯೆ ಹೊಡೆದು ನೋಡಿ, ವಾಪಸ್ ತೆಗೆಯಲು ಮರೆತದ್ದು. ಬೇರೆಯವರಿಗೆ ಕಳಿಸಲು `Paste Values` ಮಾಡಿ, ಅದೇ ಫೈಲಿನ ಮೇಲೆ ಸೇವ್ ಮಾಡಿದ್ದು. ಇಲ್ಲಾ, ಇನ್ನೊಂದು ಕಾಗದದ ಜೊತೆ ತಾಳೆಯಾಗಲಿಲ್ಲ ಅಂತ ಟೋಟಲನ್ನೇ ಎಳೆದು ಕೂಡಿಸಿದ್ದು. ಹಿಂದೆ ನಾನೇ ಒಂದು ಸಂಸ್ಥೆಯಲ್ಲಿ ಮೀಟಿಂಗಿನ ಹಿಂದಿನ ರಾತ್ರಿ ಹೀಗೆ ಒಂದು ಟೋಟಲ್ ಹೊಡೆದು, "ನಾಳೆ ಸರಿ ಮಾಡ್ತೀನಿ" ಅಂದುಕೊಂಡು ಮಲಗಿದ್ದೆ. ಮುಂದಿನ ವರ್ಷದ ಬಜೆಟ್ ಆ ಫೈಲನ್ನು ಕಾಪಿ ಮಾಡಿಯೇ ಶುರುವಾಯ್ತು. ಆ ಸಂಖ್ಯೆಯೂ ಜೊತೆಗೆ ಬಂತು.

ಹಾಗಾದರೆ ಎಕ್ಸೆಲ್ ಯಾಕೆ ಏನೂ ಹೇಳಲಿಲ್ಲ? `#REF!`, `#VALUE!` ಇವೆಲ್ಲ ಬರುವುದು ಲೆಕ್ಕ ಮಾಡಲಿಕ್ಕೇ ಆಗದಿದ್ದಾಗ. ನಿಮ್ಮಲ್ಲಿ ಲೆಕ್ಕ ಆಗಿದೆ, ಬೇರೆ ಲೆಕ್ಕ ಆಗಿದೆ. ರೇಂಜ್ ಪಕ್ಕದ ಅಂಕಿಗಳನ್ನು ಬಿಟ್ಟಿದ್ದರೆ ಸೆಲ್‌ನ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಬರುತ್ತದೆ, ಅದರ ಮೇಲೆ `Formula Omits Adjacent Cells` ಅಂತ ಇರುತ್ತದೆ. ನಿಮ್ಮ ಫೈಲಿನಲ್ಲಿ ಅದನ್ನು ಯಾರೋ `Ignore Error` ಒತ್ತಿ ಅಳಿಸಿದ್ದಾರೆ. ಬೈಯಲ್ಲ, ಬೇಡದ ಕಡೆಯೂ ಬಂದು ಬಂದು ಎಲ್ಲರಿಗೂ ಸಾಕಾಗಿರುತ್ತದೆ. ಆದರೆ G22ಕ್ಕೆ ತ್ರಿಕೋನವೂ ಬರಲ್ಲ. ಸುತ್ತ ಫಾರ್ಮುಲಾ ಇದ್ದು ನಡುವೆ *ಬೇರೆ ಫಾರ್ಮುಲಾ* ಇದ್ದರೆ ಎಕ್ಸೆಲ್ ಗುರುತು ಹಾಕುತ್ತದೆ. ನಡುವೆ ಬರೀ ಸಂಖ್ಯೆ ಇದ್ದರೆ, ಸಾಮಾನ್ಯ ಶೀಟಿನಲ್ಲಿ, ಅದು ನೀವು ಬೇಕೆಂದೇ ಹಾಕಿದ ಮಾಹಿತಿ ಅಂದುಕೊಂಡು ಸುಮ್ನಿರುತ್ತದೆ.

ಈಗ ಹಿಡಿಯುವ ವಿಧಾನಕ್ಕೆ ಬರೋಣ. ವರ್ಷದ ಟೋಟಲ್ ಒಂದನ್ನೇ ದಿಟ್ಟಿಸಿ ಪ್ರಯೋಜನ ಇಲ್ಲ, ಕಾಲಂ ಕಾಲಂ ಆಗಿ ಒಡೆದು ನೋಡಬೇಕು. ಬೇರೆ ಒಂದು ಶೀಟ್ ಮಾಡಿ. ನಿಮ್ಮ ಬಜೆಟ್ ಶೀಟಿನ ಹೆಸರು `Budget` ಅಂತಿದ್ದರೆ, ಹೊಸ ಶೀಟಿನ B2 ನಲ್ಲಿ ಇದನ್ನು ಹಾಕಿ N ವರೆಗೆ ಎಳೆಯಿರಿ:

```
=ROUND(SUM(Budget!B:B)-2*Budget!B22,2)
```

ಇದು ಏನು ಮಾಡುತ್ತೆ ಅಂದ್ರೆ, ಇಡೀ B ಕಾಲಂ ಕೂಡುತ್ತದೆ. ಅದರಲ್ಲಿ ಬಾಬ್ತುಗಳೂ ಇವೆ, ಅವುಗಳ ಟೋಟಲೂ ಇದೆ. ಟೋಟಲ್ ಸರಿಯಾಗಿದ್ದರೆ ಕಾಲಂನ ಮೊತ್ತ ಟೋಟಲ್‌ನ ಸರಿಯಾಗಿ ಎರಡರಷ್ಟು ಇರಬೇಕು. ಎರಡು ಸಲ ಟೋಟಲ್ ಕಳೆದರೆ ಸೊನ್ನೆ. `B2:B21` ಅಂತ ಬರೆಯದೆ `B:B` ಅಂತ ಬರೆದದ್ದಕ್ಕೆ ಕಾರಣ ಇದೆ. ಪರೀಕ್ಷೆ ಮಾಡುವ ಫಾರ್ಮುಲಾಗೂ ಒಂದು ತುದಿ ಇದ್ದರೆ, ಸಾಲು ಸೇರಿಸಿದಾಗ ಟೋಟಲ್ ಎಲ್ಲಿ ಎಡವಿತೋ ಅದೂ ಅಲ್ಲೇ ಎಡವುತ್ತದೆ. ಇಡೀ ಕಾಲಂಗೆ ತುದಿಯೇ ಇಲ್ಲ, ಹಾಗಾಗಿ ಬಿಟ್ಟುಹೋಗಲು ಜಾಗವೂ ಇಲ್ಲ.

ನಿಮ್ಮ ಫೈಲಿನಲ್ಲಿ ಇದನ್ನು ಹಾಕಿದಾಗ B ಇಂದ F ವರೆಗೆ ಎಲ್ಲ ಕಡೆ 4,000 ಬಂತು. G ನಲ್ಲಿ −1,500. ಆಮೇಲೆ H ಇಂದ M ವರೆಗೆ ಮತ್ತೆ 4,000. N ನಲ್ಲಿ 42,500. ಇಷ್ಟರಲ್ಲೇ ಕತೆ ಪೂರ್ತಿ ಇದೆ. ಎಲ್ಲ ಕಾಲಂನಲ್ಲೂ ವ್ಯತ್ಯಾಸ ಬಂದು, ಅದು ಯಾವುದಾದರೂ ಒಂದು ಸಾಲಿನ ಅಂಕಿಗಳಿಗೆ ಹೊಂದಿದರೆ, ಆ ಸಾಲು ರೇಂಜಿನಿಂದ ಹೊರಗಿದೆ. ಒಂದೇ ಕಾಲಂ ಗುಂಪಿನಿಂದ ಬೇರೆಯಾಗಿ ನಿಂತರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ. ಹನ್ನೊಂದು ತಿಂಗಳು 4,000ದಂತೆ 44,000 ಕಡಿಮೆ, G ನಲ್ಲಿ 1,500 ಜಾಸ್ತಿ. ಕಳೆದರೆ 42,500.

G ನಲ್ಲಿ 1,500 ಯಾಕೆ? ಆ ತಿಂಗಳ 2ರಿಂದ 20ರವರೆಗಿನ ಸಾಲುಗಳ ಮೊತ್ತ 1,19,500. ಚಂದಾ ಸೇರಿದರೆ ನಿಜವಾದ ಮೊತ್ತ 1,23,500. ಟೈಪ್ ಮಾಡಿದ್ದು 1,25,000. 1,19,500ಕ್ಕೂ 1,25,000ಕ್ಕೂ ಇರುವ ಈ 5,500 ಅಂತರದ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ, ಅದನ್ನು ಮರೆಯಬೇಡಿ.

ಈ ಪರೀಕ್ಷೆಗೂ ಮಿತಿಗಳಿವೆ. ಒಂದನೇ ಸಾಲಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದಿದ್ದೀರಿ, ಒಳ್ಳೆಯದಾಯ್ತು. ಅಲ್ಲಿ ನಿಜವಾದ ದಿನಾಂಕ ಇದ್ದಿದ್ದರೆ ಎಕ್ಸೆಲ್ ಅದನ್ನೂ ಸಂಖ್ಯೆಯಾಗಿ ಕೂಡುತ್ತಿತ್ತು, ಯಾಕಂದ್ರೆ 2025ರ ಜನವರಿ 1 ಅನ್ನುವುದು ಅದರ ಒಳಗೆ 45658. ಕಾರಣವಿಲ್ಲದೆ ನಲವತ್ತೈದು ಸಾವಿರ ಚಿಲ್ಲರೆ ವ್ಯತ್ಯಾಸ ಕಂಡರೆ ಮೊದಲು ಶೀರ್ಷಿಕೆ ಸಾಲನ್ನೇ ಅನುಮಾನಿಸಿ. ಶೀಟಿನ ನಡುವೆ ಉಪಮೊತ್ತಗಳಿದ್ದರೂ ಈ ಸೂತ್ರ ನಡೆಯಲ್ಲ, ಅವು ಕೂಡ ಕಾಲಂನಲ್ಲಿ ಸೇರಿಬಿಡುತ್ತವೆ. ಇನ್ನೊಂದು, ಬೇರೆ ಸಾಫ್ಟ್‌ವೇರಿನಿಂದ ತಂದ ಅಂಕಿಗಳು ಕೆಲವೊಮ್ಮೆ ಅಕ್ಷರವಾಗಿ ಕೂತಿರುತ್ತವೆ. `SUM` ಅವನ್ನು ಮಾತಿಲ್ಲದೆ ಬಿಟ್ಟುಬಿಡುತ್ತದೆ, ಇಲ್ಲೂ ಅಲ್ಲೂ ಎರಡೂ ಕಡೆ, ಹಾಗಾಗಿ ಸೊನ್ನೆಯೇ ಬರುತ್ತದೆ. ಅದಕ್ಕೆ `=COUNTA(Budget!B2:B21)-COUNT(Budget!B2:B21)` ಹಾಕಿ ನೋಡಿ. ಸೊನ್ನೆ ಅಲ್ಲದಿದ್ದರೆ ಸಂಖ್ಯೆಯಲ್ಲದ್ದು ಏನೋ ಒಳಗಿದೆ.

ಟೈಪ್ ಮಾಡಿದ ಟೋಟಲ್‌ಗಳನ್ನೇ ಬೇಗ ಹಿಡಿಯಲು ಎಕ್ಸೆಲ್‌ನಲ್ಲೇ ದಾರಿ ಇದೆ. ಟೋಟಲ್ ಸಾಲನ್ನು, ಅಂದರೆ B22ರಿಂದ M22ರವರೆಗೆ, ಆಯ್ಕೆ ಮಾಡಿ. F5 ಒತ್ತಿ, `Special`, ಆಮೇಲೆ `Constants`. ಫಾರ್ಮುಲಾ ಇಲ್ಲದ ಸೆಲ್‌ಗಳು ಮಾತ್ರ ಆಯ್ಕೆಯಾಗಿ ನಿಲ್ಲುತ್ತವೆ. ನಿಮ್ಮಲ್ಲಿ G22 ಒಂದೇ ಬಂತು. ನೀವು ಗೂಗಲ್ ಶೀಟ್ಸ್ ಅಥವಾ ಲಿಬ್ರೆಆಫೀಸ್‌ನಲ್ಲಿದ್ದರೆ, ಲಿಬ್ರೆಆಫೀಸ್‌ನಲ್ಲಿ Ctrl+F8 ಒತ್ತಿ. ಟೈಪ್ ಮಾಡಿದ ಸಂಖ್ಯೆಗಳು ನೀಲಿ, ಫಾರ್ಮುಲಾಗಳು ಹಸಿರು ಆಗುತ್ತವೆ, ಹಸಿರು ಸಾಲಿನ ನಡುವೆ ಒಂದು ನೀಲಿ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ಇದು ನನಗೆ ಎಕ್ಸೆಲ್‌ಗಿಂತ ಇಷ್ಟ. ಗೂಗಲ್ ಶೀಟ್ಸ್‌ನಲ್ಲಿ ಆ ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿ `Show edit history` ನೋಡಿದರೆ ಯಾರು ಯಾವಾಗ ಬದಲಿಸಿದರು ಅನ್ನುವುದೂ ಸಿಗುತ್ತದೆ.

ಆದರೆ ಇದಕ್ಕಿಂತ ಜಾಣ ತಪ್ಪು ಒಂದಿದೆ. ಯಾರಾದರೂ G22 ನಲ್ಲಿ ಸಂಖ್ಯೆ ಹೊಡೆಯದೆ ಹೀಗೆ ಬರೆದಿದ್ದರೆ?

```
=SUM(G2:G20)+5500
```

ಇದು ಫಾರ್ಮುಲಾನೇ. `Constants` ಇದನ್ನು ಹಿಡಿಯಲ್ಲ, ಲಿಬ್ರೆಆಫೀಸ್‌ನಲ್ಲೂ ಹಸಿರಾಗಿಯೇ ಕಾಣುತ್ತದೆ. ಇದಕ್ಕೆ ಎಕ್ಸೆಲ್‌ನಲ್ಲಿ B22ರಿಂದ ಶುರು ಮಾಡಿ M22ರವರೆಗೆ ಎಳೆದು ಆಯ್ಕೆ ಮಾಡಿ Ctrl+\ ಒತ್ತಿ. ಮೊದಲ ಸೆಲ್‌ನ ಫಾರ್ಮುಲಾ ಪಕ್ಕಕ್ಕೆ ಎಳೆದರೆ ಹೇಗಿರಬೇಕಿತ್ತೋ ಹಾಗೆ ಇಲ್ಲದ ಸೆಲ್‌ಗಳನ್ನೆಲ್ಲ ಅದು ಆಯ್ದು ತೋರಿಸುತ್ತದೆ. ಟೈಪ್ ಮಾಡಿದ್ದೂ ಸಿಗುತ್ತದೆ, +5500 ಕೂಡ ಸಿಗುತ್ತದೆ. ಎರಡು ಎಚ್ಚರ. B22 ನಲ್ಲೇ ತಪ್ಪಿದ್ದರೆ ಸರಿಯಾದವೇ ತಪ್ಪು ಅಂತ ಕಾಣುತ್ತವೆ. ಎಲ್ಲವೂ ಒಂದೇ ರೀತಿ ತಪ್ಪಿದ್ದರೆ, ನಿಮ್ಮ `B2:B20` ತರಹ, ಏನೂ ಸಿಗಲ್ಲ. ಹಾಂ, ಗೂಗಲ್ ಶೀಟ್ಸ್‌ನಲ್ಲಿ ಇದೇ Ctrl+\ ಒತ್ತಬೇಡಿ, ಅಲ್ಲಿ ಅದು ಫಾರ್ಮ್ಯಾಟಿಂಗ್ ಅಳಿಸುತ್ತದೆ.

"ಅಡ್ಡಕ್ಕೂ ಕೂಡಿದೆ, ಉದ್ದಕ್ಕೂ ಕೂಡಿದೆ, ಎರಡೂ ತಾಳೆಯಾಯ್ತು, ಇನ್ನೇನು" ಅನ್ನುವವರಿಗೂ ಒಂದು ಮಾತು. ಅದು ಒಳ್ಳೆಯ ಪರೀಕ್ಷೆಯೇ, G22 ತರಹದ್ದನ್ನು ಹಿಡಿಯುತ್ತದೆ. ಆದರೆ ಸಾಲು ಬಿಟ್ಟುಹೋದ ತಪ್ಪಿಗೆ ಅದು ಕುರುಡು. ತಿಂಗಳ ಟೋಟಲ್‌ಗಳು 20ಕ್ಕೆ ನಿಂತಿವೆ ಅಂದುಕೊಳ್ಳಿ, N ಕಾಲಂನ ಟೋಟಲೂ `=SUM(N2:N20)` ಆಗಿದೆ ಅಂದುಕೊಳ್ಳಿ. ಎರಡೂ ದಾರಿಯಲ್ಲಿ 21ನೇ ಸಾಲು ಇಲ್ಲ. ಎರಡೂ ಒಂದೇ ಉತ್ತರ ಕೊಡುತ್ತವೆ, ಎರಡೂ 48,000 ಕಡಿಮೆ, ಮತ್ತು ತಾಳೆ ಸರಿಯಾಗಿದೆ ಅಂತ ನೀವು ಖುಷಿಯಾಗಿ ಪ್ರಿಂಟ್ ತೆಗೆಯುತ್ತೀರಿ. ನಿಮ್ಮ ಅದೃಷ್ಟಕ್ಕೆ ಸಹೋದ್ಯೋಗಿ ಶೀಟಿನ ಹೊರಗೆ ಕೂಡಿದರು.

ಇದು ನಮ್ಮ ನಿಮ್ಮಂಥವರಿಗೆ ಮಾತ್ರ ಆಗುವುದೂ ಅಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅನ್ನುವ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು ಸರ್ಕಾರಿ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಒಂದು ಲೇಖನ ಪ್ರಕಟಿಸಿದರು. 2013ರಲ್ಲಿ ಥಾಮಸ್ ಹರ್ನ್ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಫೈಲ್ ತರಿಸಿಕೊಂಡು ನೋಡಿದರೆ, ಸರಾಸರಿ ತೆಗೆಯುವ ರೇಂಜ್ 30ನೇ ಸಾಲಿನಿಂದ 49ರವರೆಗೆ ಹೋಗಬೇಕಾದದ್ದು 44ಕ್ಕೇ ನಿಂತಿತ್ತು. ಐದು ದೇಶಗಳು ಲೆಕ್ಕದ ಹೊರಗೆ. ಲೇಖನದ ಬಗ್ಗೆ ಬೇರೆ ತಕರಾರುಗಳೂ ಇದ್ದವು, ಆದರೆ ಈ ಒಂದು ತಪ್ಪನ್ನು ಲೇಖಕರೇ ಒಪ್ಪಿಕೊಂಡರು. ನಿಮ್ಮದೂ ಅದೇ ಜಾತಿಯ ತಪ್ಪು.

ಮುಂದೆ ಹೀಗಾಗದಂತೆ ಏನು ಮಾಡಬಹುದು? ನಾನು ಮೊದಲು ಹೇಳುವುದು ಬಡವರ ಉಪಾಯ. ಕೊನೆಯ ಬಾಬ್ತು ಮತ್ತು ಟೋಟಲ್ ನಡುವೆ ಒಂದು ಖಾಲಿ ಸಾಲು ಬಿಡಿ. ಅದರ ಎತ್ತರ ಕಡಿಮೆ ಮಾಡಿ ಬೂದು ಬಣ್ಣ ಬಳಿಯಿರಿ. ಟೋಟಲ್‌ನ ರೇಂಜ್ ಆ ಬೂದು ಸಾಲನ್ನೂ ಒಳಗೊಳ್ಳಲಿ. ಈಗ ಹೊಸ ಬಾಬ್ತನ್ನು ಬೂದು ಸಾಲಿನ ಮೇಲೆ ಸೇರಿಸಿದರೆ ಅದು ಯಾವಾಗಲೂ ರೇಂಜಿನ ನಡುವೆಯೇ ಬೀಳುತ್ತದೆ, ಟೈಪ್ ಮಾಡಿ, ಪೇಸ್ಟ್ ಮಾಡಿ, ಏನೇ ಮಾಡಿ. ಮೇಲ್ತುದಿಗೂ ಇದೇ ತೊಂದರೆ ಇದೆ. 2ನೇ ಸಾಲಿನ ಮೇಲೆ ಸೇರಿಸಿದ್ದೂ ಹೊರಗೇ ಉಳಿಯುತ್ತದೆ. ನಿಮ್ಮ ಶೀರ್ಷಿಕೆಗಳು ಅಕ್ಷರಗಳೇ ಆದ್ದರಿಂದ ರೇಂಜನ್ನು `B1` ಇಂದಲೇ ಶುರು ಮಾಡಬಹುದು. ಅಪಾಯ ಏನಂದ್ರೆ, "ಇದೇನು ಸುಮ್ನೆ ಖಾಲಿ ಸಾಲು" ಅಂತ ಯಾರಾದರೂ ಅದನ್ನು ಡಿಲೀಟ್ ಮಾಡುತ್ತಾರೆ. ಅದಕ್ಕೆ A ಕಾಲಂನಲ್ಲಿ "ಹೊಸ ಸಾಲು ಇದರ ಮೇಲೆ ಸೇರಿಸಿ" ಅಂತ ಬರೆದಿಡಿ.

ಇನ್ನೊಂದು, Ctrl+T ಒತ್ತಿ ಇಡೀ ಪಟ್ಟಿಯನ್ನು ಎಕ್ಸೆಲ್ ಟೇಬಲ್ ಮಾಡಿಬಿಡುವುದು. ಹೊಸ ಸಾಲು ಟೇಬಲ್‌ನ ಒಳಗೆ ಬಂದರೆ ಟೋಟಲ್‌ಗೆ ತಾನೇ ಸೇರುತ್ತದೆ. ಚೆನ್ನಾಗಿದೆ, ಆದರೆ ಅದರ ಟೋಟಲ್ ಸಾಲು `SUBTOTAL(109,...)` ಬಳಸುತ್ತದೆ. ಅದು ಕಾಣುವ ಸಾಲುಗಳನ್ನು ಮಾತ್ರ ಕೂಡುತ್ತದೆ. ಫಿಲ್ಟರ್ ಹಾಕಿಟ್ಟು ಮರೆತರೆ, ಸಾಲು ಅಡಗಿಸಿದರೆ, ಟೋಟಲ್ ಇಳಿದಿರುತ್ತದೆ. ಒಂದು ತಪ್ಪು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಬಾಗಿಲು ತೆಗೆದ ಹಾಗೆ. ಫಿಲ್ಟರ್ ಬಳಸುವ ತಂಡಕ್ಕೆ ನಾನು ಇದನ್ನು ಹೇಳಲ್ಲ.

ಕೈಯಾಡಿಸುವುದನ್ನು ತಡೆಯಲು ಶೀಟ್ ಲಾಕ್ ಮಾಡಬಹುದು. ಎಲ್ಲ ಸೆಲ್‌ಗಳೂ ಮೊದಲೇ ಲಾಕ್ ಆಗಿಯೇ ಇರುತ್ತವೆ, ಪ್ರೊಟೆಕ್ಟ್ ಮಾಡುವವರೆಗೆ ಅದಕ್ಕೆ ಬಲ ಬರಲ್ಲ ಅಷ್ಟೇ. ಹಾಗಾಗಿ ಮೊದಲು ಅಂಕಿ ತುಂಬುವ ಸೆಲ್‌ಗಳ ಲಾಕ್ ತೆಗೆಯಿರಿ, ಆಮೇಲೆ `Protect Sheet` ಮಾಡಿ, ಅಲ್ಲಿ `Insert rows` ಟಿಕ್ ಹಾಕಿ. ಆ ಟಿಕ್ ಮರೆತರೆ ಸಾಲು ಸೇರಿಸಲಾಗದೆ ಜನ ಎಲ್ಲವನ್ನೂ ಹೊಸ ಶೀಟಿಗೆ ಕಾಪಿ ಮಾಡಿಕೊಂಡು ಅಲ್ಲಿ ಕೆಲಸ ಮಾಡುತ್ತಾರೆ. ಆಗ ಲಾಕ್ ಇದ್ದೂ ಇಲ್ಲದಂತೆ. ಅಷ್ಟು ಬಿಗಿ ಬೇಡ ಅನಿಸಿದರೆ ಟೋಟಲ್ ಸಾಲಿಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ, ಸೂತ್ರ `=NOT(ISFORMULA(B22))`, ಬಣ್ಣ ಕೆಂಪು. ಎಕ್ಸೆಲ್ 2013ರಿಂದ ಈಚೆಗೆ ಇದು ಇದೆ. ಟೋಟಲ್ ಮೇಲೆ ಯಾರಾದರೂ ಸಂಖ್ಯೆ ಹೊಡೆದ ಕ್ಷಣವೇ ಸೆಲ್ ಕೆಂಪಾಗುತ್ತದೆ. +5500 ತರಹದ್ದಕ್ಕೆ ಮಾತ್ರ ಕೆಂಪಾಗಲ್ಲ, ಅದಕ್ಕೆ ಮೇಲಿನ ಸೊನ್ನೆ ಪರೀಕ್ಷೆಯೇ ಬೇಕು. ನಿಮ್ಮ ಶೀಟಿಗೆ ಬೂದು ಸಾಲು, ಕೆಂಪು ಬಣ್ಣ, ಸೊನ್ನೆ ಪರೀಕ್ಷೆ ಈ ಮೂರು ಸಾಕು.

ಈಗ ಆ 5,500. G22 ನಲ್ಲಿ ಫಾರ್ಮುಲಾ ವಾಪಸ್ ಹಾಕುವ ಮುಂಚೆ, 1,25,000 ಯಾಕೆ ಬಂತು ಅಂತ ಕೇಳಿ. ಬರೀ ಪ್ರಯೋಗಕ್ಕೆ ಹೊಡೆದದ್ದಾದರೆ ಅಳಿಸಿ, ವರ್ಷದ ಮೊತ್ತ 14,76,000ಕ್ಕೆ ಬಂದು ನಿಲ್ಲುತ್ತದೆ. ಆದರೆ ಚಂದಾದ ಸಾಲು ಬರುವ ಮುಂಚಿನ ಟೋಟಲ್ 1,19,500 ಇದ್ದಾಗ ಯಾರೋ 1,25,000 ಹಾಕಿದ್ದಾರೆ ಅಂದರೆ, ಆ ತಿಂಗಳು 5,500ರ ಒಂದು ನಿಜವಾದ ಖರ್ಚು ಒಪ್ಪಿಗೆಯಾಗಿ, ಅದಕ್ಕೆ ಬಾಬ್ತು ಇಲ್ಲದ್ದಕ್ಕೆ ಟೋಟಲ್‌ನಲ್ಲೇ ತುರುಕಿರಬಹುದು. ಹಾಗಿದ್ದರೆ ಅದಕ್ಕೊಂದು ಸಾಲು ಮಾಡಿ, ಹೆಸರು ಬರೆದು, ಅಲ್ಲಿ ಹಾಕಿ. ಆಗ ಸರಿಯಾದ ಮೊತ್ತ 14,81,500. ಅಂದರೆ ನಿಮ್ಮ ಸಹೋದ್ಯೋಗಿಯ ಕ್ಯಾಲ್ಕುಲೇಟರ್ ಉತ್ತರವೂ ತಪ್ಪಾಗಿತ್ತು. ಅವರು ಸಾಲುಗಳಲ್ಲಿ ಇದ್ದದ್ದನ್ನು ಮಾತ್ರ ಕೂಡಿದ್ದರು, ಅಲ್ವಾ?